ಭಾನುವಾರ ಸಂಜೆಯ ರಿಮ್ಯಾಂಡ್: ಬಸುವಿನ ಪ್ರಕರಣ

ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾನು ವಕೀಲಿಕೆ ಮಾಡುತ್ತೇನೆ. ದೊಡ್ಡ ಕೇಸುಗಳೇನಲ್ಲ. ಬದುವಿನ ಜಗಳ, ಬಡಿದಾಟ, ಬೈಕ್ ಕಳವು, ಇಂಥವೇ. ಇಲ್ಲಿ ಬರೆಯುತ್ತಿರುವ ಪ್ರಕರಣವೂ ಸಣ್ಣದೇ. ಆದರೆ ಮನೆಯ ಹುಡುಗನನ್ನು ಪೊಲೀಸರು ಹಿಡಿದ ಮೇಲೆ ಮೊದಲ ಸಲ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವಾಗ ನಿಜವಾಗಿ ಏನಾಗುತ್ತದೆ, ಮನೆಯವರು ಎಲ್ಲೆಲ್ಲಿ ಎಡವುತ್ತಾರೆ ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಹೆಸರು, ಊರು, ಗುರುತು ಸಿಗುವ ಸಣ್ಣಪುಟ್ಟ ವಿವರ ಎಲ್ಲ ಬದಲಿಸಿದ್ದೇನೆ. ಹುಡುಗನನ್ನು ಬಸು ಅನ್ನೋಣ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಆಗಿದ್ದೇನು

ಬಸುಗೆ 24 ವರ್ಷ. ಗೌಂಡಿ ಕೆಲಸ. ಎಳ್ಳ ಅಮಾವಾಸ್ಯೆ ಮುಗಿದು ಎರಡು ವಾರ ಆಗಿತ್ತು, ತೊಗರಿ ಕಟಾವಿಗೆ ಬಂದಿತ್ತು. ದಾಯಾದಿಗಳ ಹೊಲಕ್ಕೂ ಇವರ ಹೊಲಕ್ಕೂ ನಡುವಿನ ಬದುವನ್ನು ಯಾರೋ ಟ್ರ್ಯಾಕ್ಟರ್‌ನಿಂದ ಎರಡು ಸಾಲು ಒತ್ತಿ ಹೊಡೆದಿದ್ದರು. ಶನಿವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಮಾತಿಗೆ ಮಾತು ಬೆಳೆದು, ಬಡಿಗೆ ಬೀಸಿದ್ದಾಯಿತು, ಆ ಕಡೆಯವನ ತಲೆಗೆ ಪೆಟ್ಟು ಬಿತ್ತು. ಯಾರು ಮೊದಲು ಕೈ ಎತ್ತಿದರು ಅನ್ನುವುದು ಇವತ್ತಿಗೂ ಎರಡು ಕಥೆ. ಅದು ಇಲ್ಲಿ ಬೇಡ. ಯಾಕೆ ಬೇಡ ಅನ್ನುವುದೇ ಈ ಬರಹದ ಅರ್ಧ ವಿಷಯ.

ಸಂಜೆ ಆರೂವರೆಗೆ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಿಂದ ಬಸುವನ್ನು ಇಬ್ಬರು ಪೇದೆಗಳು ಕರೆದುಕೊಂಡು ಹೋದರು. ವಿಚಾರಣೆ ಇದೆ, ಸುಮ್ನೆ ಬಾ ಅಂದರಂತೆ. ಗಾಯಾಳುವಿನ ಹೇಳಿಕೆ ಆಸ್ಪತ್ರೆಯಲ್ಲಿ ಪಡೆದು ಎಫ್‌ಐಆರ್ ದಾಖಲಾಗಿದ್ದು ರಾತ್ರಿ ಹತ್ತಕ್ಕೆ. ದಸ್ತಗಿರಿ ಮೆಮೊದಲ್ಲಿ ಬರೆದ ಸಮಯ ಭಾನುವಾರ ಬೆಳಿಗ್ಗೆ 10:30. ಅದಾದ ಮೇಲೆ ತಾಯಿಗೆ ಠಾಣೆಯಿಂದ ಫೋನ್ ಬಂತು.

ಎಫ್‌ಐಆರ್‌ನಲ್ಲಿ ಹಾಕಿದ ಮುಖ್ಯ ಕಲಂ ಭಾರತೀಯ ನ್ಯಾಯ ಸಂಹಿತೆಯ 118(1), ಅಂದರೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು. ಮೂರು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ಜೊತೆಗೆ ಬೈಗುಳ, ಬೆದರಿಕೆಯ ಕಲಂಗಳು. ಬಸುವಿನ ಅಣ್ಣ ಎರಡನೇ ಆರೋಪಿ. ಅವನು ಊರಲ್ಲಿರಲಿಲ್ಲ.

"ಜಾಮೀನುರಹಿತ" ಅನ್ನುವ ಶಬ್ದ ಕೇಳಿದ ಕೂಡಲೇ ಮನೆಯವರ ಎದೆ ಒಡೆಯುತ್ತದೆ. ಜಾಮೀನೇ ಸಿಗುವುದಿಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಜಾಮೀನು ಸಿಗುವ ಅಪರಾಧದಲ್ಲಿ ಜಾಮೀನು ಹಕ್ಕು, ಠಾಣೆಯಲ್ಲೇ ಕೊಡಬೇಕು. ಜಾಮೀನುರಹಿತದಲ್ಲಿ ಕೋರ್ಟನ್ನು ಕೇಳಬೇಕು, ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ. ಅಷ್ಟೇ ವ್ಯತ್ಯಾಸ.

24 ಗಂಟೆ ಯಾವಾಗಿನಿಂದ?

ಭಾನುವಾರ ಹನ್ನೊಂದೂವರೆಗೆ ಬಸುವಿನ ತಾಯಿ ಮತ್ತು ಸೋದರಮಾವ ನನ್ನ ಮನೆಗೆ ಬಂದರು. ಮಾವ ಅಷ್ಟರಲ್ಲೇ ಠಾಣೆಯ ಹೊರಗೆ ಸಿಕ್ಕ ಒಬ್ಬ ದಲ್ಲಾಳಿಗೆ 8,000 ರೂಪಾಯಿ ಕೊಟ್ಟಾಗಿತ್ತು. "ಸಂಜೀಕ ಬಿಡಿಸಿಕೊಂಡ ಬರ್ತೀನಿ" ಅಂದಿದ್ದನಂತೆ. ಆ ದುಡ್ಡು ಆಮೇಲೆ ಬರಲಿಲ್ಲ, ಅವನೂ ಬರಲಿಲ್ಲ.

ತಾಯಿ ಕೇಳಿದ್ದು ಒಂದೇ ಮಾತು. "ಇವತ್ತ ಐತವಾರ ಅಲ್ರೀ, ಕೋರ್ಟ ಬಂದ್ ಇರ್ತೈತಿ. ನಾಳೆ ಸೋಮಾರ ಬಂದ್ರ ನಡೀತೈತಲ್ರೀ ವಕೀಲ್ರ?"

ನಡೆಯುವುದಿಲ್ಲ. ಇದು ನಾನು ಅತಿ ಜಾಸ್ತಿ ನೋಡಿದ ತಪ್ಪು ತಿಳಿವಳಿಕೆ. ಸಂವಿಧಾನದ 22ನೇ ವಿಧಿ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಂ, ಎರಡೂ ಒಂದೇ ಮಾತು ಹೇಳುತ್ತವೆ: ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಕರೆದುಕೊಂಡು ಹೋಗುವ ಪ್ರಯಾಣದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಭಾನುವಾರ, ಹಬ್ಬ, ರಾತ್ರಿ, ಯಾವುದಕ್ಕೂ ರಿಯಾಯಿತಿ ಇಲ್ಲ. ರಜೆ ದಿನ ಮ್ಯಾಜಿಸ್ಟ್ರೇಟ್ ಅವರ ಕ್ವಾರ್ಟರ್ಸ್‌ಗೇ ಕರೆತರುತ್ತಾರೆ. ಅವರು ರಜೆಯಲ್ಲಿದ್ದರೆ ಚಾರ್ಜ್ ಇರುವ ಪಕ್ಕದ ತಾಲ್ಲೂಕಿನ ನ್ಯಾಯಾಧೀಶರ ಬಳಿ ಒಯ್ಯುತ್ತಾರೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ನಾನು ಕೇಳುವುದು ಜಗಳದ ಕಥೆ ಅಲ್ಲ, ಹಿಡಿದ ಗಳಿಗೆ. "ಎಷ್ಟು ಗಂಟೆಗೆ, ಎಲ್ಲಿ, ಯಾರು ನೋಡಿದರು?" ತಾಯಿಗೆ ಗೊತ್ತಿರಲಿಲ್ಲ. ಆದರೆ ಮಾವನ ಫೋನಿನಲ್ಲಿ ಚಹಾದಂಗಡಿಯವನು ಶನಿವಾರ ಸಂಜೆ 6:41ಕ್ಕೆ ಮಾಡಿದ ಕಾಲ್ ಇತ್ತು: "ನಿಮ್ಮ ಅಳಿಯನ್ನ ಪೊಲೀಸ್ರು ಕರ್ಕೊಂಡ ಹೋದ್ರು" ಅಂತ. ಅದರ ಸ್ಕ್ರೀನ್‌ಶಾಟ್ ತೆಗೆಸಿದೆ. ಅಂಗಡಿಗೆ ಒಬ್ಬರನ್ನು ಕಳಿಸಿ, ಕ್ಯಾಮೆರಾ ಇದ್ದರೆ ಶನಿವಾರ ಸಂಜೆಯದನ್ನು ಅಳಿಸಬೇಡಿ ಅಂತ ಹೇಳಿಸಿದೆ.

ಈಗ ಲೆಕ್ಕ ನೋಡಿ. ಮೆಮೊ ಪ್ರಕಾರ ದಸ್ತಗಿರಿ ಭಾನುವಾರ 10:30, ಅಂದರೆ ಸೋಮವಾರ ಬೆಳಿಗ್ಗೆ 10:30ರವರೆಗೆ ಸಮಯ ಇದೆ ಅಂತ ಠಾಣೆಯವರ ಲೆಕ್ಕ. ನಿಜವಾಗಿ ಸ್ವಾತಂತ್ರ್ಯ ಹೋಗಿದ್ದು ಶನಿವಾರ 6:30ಕ್ಕೆ, ಅಂದರೆ ಗಡುವು ಭಾನುವಾರ ಸಂಜೆ 6:30. ಠಾಣೆಯಲ್ಲಿ ರಾತ್ರಿಯಿಡೀ ಬೆಂಚಿನ ಮೇಲೆ ಕೂರಿಸಿ, ಬೇಕಾದಾಗ ಎದ್ದು ಹೋಗಲು ಬಿಡದೆ ಇದ್ದರೆ, ಕಾಗದದಲ್ಲಿ ಅದಕ್ಕೆ ವಿಚಾರಣೆ ಅಂತ ಹೆಸರಿಟ್ಟರೂ ಅದು ಬಂಧನವೇ.

ನಾನು ಪಿಎಸ್‌ಐ ಅವರಿಗೆ ಫೋನ್ ಮಾಡಿದೆ. ಜಗಳ ಆಡಲಿಲ್ಲ. "ಸಾಹೇಬ್ರೆ, ನಿನ್ನೆ ಆರೂವರೆಯ ಲೆಕ್ಕ ನಮ್ಮ ಕಡೆ ಇದೆ, ಇವತ್ತು ಆರೂವರೆಯೊಳಗೆ ಹಾಜರು ಮಾಡಿದರೆ ನಿಮಗೂ ಒಳ್ಳೆಯದು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡೋಣ ಬಿಡ್ರಿ" ಅಂದರು. ಸಂಜೆ 5:40ಕ್ಕೆ ಜೀಪ್ ಕ್ವಾರ್ಟರ್ಸ್ ಮುಂದೆ ನಿಂತಿತು. ಇದು ಮೊದಲ ತಿರುವು. ಮನೆಯವರು ಸೋಮವಾರ ನನ್ನ ಹತ್ತಿರ ಬಂದಿದ್ದರೆ ಈ ಫೋನ್ ಮಾಡುವವರೇ ಇರುತ್ತಿರಲಿಲ್ಲ, ಹುಡುಗ ಇನ್ನೊಂದು ರಾತ್ರಿ ಆ ಬೆಂಚಿನ ಮೇಲೇ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಬಹುದು. ಅಥವಾ ಹಾಜರುಪಡಿಸಿದಾಗ ಹುಡುಗನೇ ಮ್ಯಾಜಿಸ್ಟ್ರೇಟ್‌ಗೆ "ನನಗೆ ವಕೀಲರಿಲ್ಲ" ಅಂದರೆ ಸಾಕು.

ಒಳಗೆ ಹೋಗುವ ಮುಂಚಿನ ಐದು ನಿಮಿಷ

ಹಾಜರುಪಡಿಸುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ ಆಗಬೇಕು, ಆಗಿತ್ತು. ಜೀಪಿನಿಂದ ಇಳಿದ ಬಸು ನೆಲ ನೋಡುತ್ತಾ ನಿಂತಿದ್ದ. ಊರಿನ ಹಿರಿಯರೊಬ್ಬರು ಮೊದಲೇ ಅವನಿಗೆ ಬುದ್ಧಿ ಹೇಳಿದ್ದರು: "ಏನ್ ಕೇಳಿದ್ರೂ ಹೂಂ ಅನ್ನು, ಜಾಸ್ತಿ ಮಾತಾಡಬ್ಯಾಡ." ತಾಯಿ ಇನ್ನೊಂದು ಹೇಳಿದ್ದಳು: "ಸಾಹೇಬ್ರ ಮುಂದ ಎಲ್ಲಾ ಖರೇ ಹೇಳಿಬಿಡು, ಅವಾ ಮೊದ್ಲ ಹೊಡದಾ ಅಂತ ಹೇಳು." ಎರಡೂ ತಪ್ಪು ಸಲಹೆ.

ಬೇವಿನ ಮರದ ಕೆಳಗೆ ಐದು ನಿಮಿಷ ಮಾತಾಡಲು ಸಿಕ್ಕಿತು. ನಾನು ಹೇಳಿದ್ದು ಇಷ್ಟೇ. ಜಗಳದ ಬಗ್ಗೆ ಒಂದು ಮಾತೂ ಬೇಡ, ಯಾಕೆಂದರೆ ಇವತ್ತು ಅದನ್ನು ಯಾರೂ ತೀರ್ಮಾನಿಸುವುದಿಲ್ಲ, ನೀನು ಗಡಿಬಿಡಿಯಲ್ಲಿ ಹೇಳಿದ ಅರ್ಧ ಮಾತು ನಾಳೆ ನಿನಗೇ ತಿರುಗಿ ಬೀಳಬಹುದು. ಆದರೆ ಯಾವಾಗ ಹಿಡಿದರು, ಹೊಡೆದರಾ, ಊಟ ಕೊಟ್ಟರಾ, ಯಾಕೆ ಹಿಡಿದಿದ್ದೇವೆ ಅಂತ ಬರೆದ ಕಾಗದ ಕೊಟ್ಟರಾ, ಮನೆಗೆ ತಿಳಿಸಿದರಾ, ಇವನ್ನು ಕೇಳಿದರೆ ಇದ್ದದ್ದು ಇದ್ದಂತೆ ಹೇಳು. ಪಕ್ಕದಲ್ಲಿ ಪೇದೆ ನಿಂತಿದ್ದಾನೆ ಅಂತ ಹೆದರಬೇಡ. ಸುಳ್ಳೂ ಸೇರಿಸಬೇಡ. ಹೊಡೆಯದಿದ್ದರೆ ಹೊಡೆದರು ಅನ್ನಬೇಡ.

ಬಸು ಕೇಳಿದ, "ಹೊಡದಿಲ್ರೀ ಸರ, ಆದ್ರ ರಾತ್ರಿ ಪೂರ್ತಿ ಕುಂದರ್ಸಿದ್ರು. ಅದನ್ನ ಹೇಳ್ಲೇನ್ರೀ?" ಹೇಳು ಅಂದೆ.

ಒಳಗೆ: ಹನ್ನೆರಡು ನಿಮಿಷ

ಸಿನಿಮಾದ ಕಟಕಟೆ ಮನಸ್ಸಲ್ಲಿಟ್ಟುಕೊಂಡು ಬಂದವರಿಗೆ ನಿರಾಶೆ ಆಗುತ್ತದೆ. ಕ್ವಾರ್ಟರ್ಸ್‌ನ ಮುಂದಿನ ಕೋಣೆ, ಒಂದು ಟೇಬಲ್. ಮ್ಯಾಜಿಸ್ಟ್ರೇಟ್, ಪಿಎಸ್‌ಐ, ಒಬ್ಬ ಪೇದೆ, ಬಸು, ನಾನು. ಮನೆಯವರು ಗೇಟಿನ ಹೊರಗೆ. ಎಲ್ಲ ಮುಗಿಯಲು ಸುಮಾರು ಹನ್ನೆರಡು ನಿಮಿಷ. ಸಾಕ್ಷಿ ಇಲ್ಲ, ಫಿರ್ಯಾದಿ ಇಲ್ಲ, ಅಪರಾಧ ಮಾಡಿದ್ದಾನಾ ಇಲ್ಲವಾ ಅನ್ನುವ ಪ್ರಶ್ನೆಯೇ ಇಲ್ಲ. ಅವರು ನೋಡುವುದು ಮೂರೇ ಸಂಗತಿ: ಹಿಡಿದ ರೀತಿ ಸರಿ ಇದೆಯಾ, ಒಳಗಿಡುವ ಅಗತ್ಯ ಇದೆಯಾ, ಇದ್ದರೆ ಯಾರ ವಶದಲ್ಲಿ.

ಮೊದಲು ಹೆಸರು, ವಯಸ್ಸು, ಊರು ಕೇಳಿದರು. ಆಮೇಲೆ, "ನಿನ್ನನ್ನು ಯಾವಾಗ ಹಿಡಿದರು?" ಬಸು ಪಿಎಸ್‌ಐ ಮುಖ ನೋಡಿದ. ನಂತರ ನನ್ನ ಮುಖ. ಒಂದು ಗಳಿಗೆ ಹೂಂ ಅಂದುಬಿಡುತ್ತಾನೇನೋ ಅನ್ನಿಸಿತು. "ನಿನ್ನೆ ಸಂಜಿ ಆರೂವರಿಗ್ರೀ, ಚಾದಂಗಡಿ ಕಡಿಂದ" ಅಂದ. ಮ್ಯಾಜಿಸ್ಟ್ರೇಟ್ ಮೆಮೊ ನೋಡಿ ಪಿಎಸ್‌ಐ ಕಡೆ ತಿರುಗಿದರು. ಅವರು, ವಿಚಾರಣೆಗೆ ಕರೆಸಿದ್ದೆವು, ದಸ್ತಗಿರಿ ಬೆಳಿಗ್ಗೆ ಅಂದರು. ನಾನು ಸ್ಕ್ರೀನ್‌ಶಾಟ್ ಪ್ರಿಂಟ್ ಕೊಟ್ಟೆ. ಆರೋಪಿ ಹೀಗೆ ಹೇಳಿದ್ದಾನೆ ಅಂತ ಆದೇಶದಲ್ಲಿ ದಾಖಲಿಸಿದರು. ಶನಿವಾರದಿಂದ ಎಣಿಸಿದರೂ 24 ಗಂಟೆ ಮೀರಿರಲಿಲ್ಲ, ಹಾಗಾಗಿ ಅಷ್ಟಕ್ಕೇ ಬಿಟ್ಟರು. ಆದರೆ ಆ ಒಂದು ಸಾಲು ದಾಖಲಾದದ್ದು ಮುಖ್ಯ. ಅವತ್ತು ಹೇಳದೆ ತಿಂಗಳ ಮೇಲೆ ಹೇಳಿದ್ದರೆ, ವಕೀಲರು ಹೇಳಿಕೊಟ್ಟ ಮಾತು ಅನ್ನುತ್ತಿದ್ದರು.

"ಹೊಡೆದಿದ್ದಾರಾ?" ಇಲ್ಲ ಅಂದ. "ಯಾಕೆ ಹಿಡಿದಿದ್ದಾರೆ ಅಂತ ಗೊತ್ತಾ?" ಇಲ್ಲಿ ಬಸು ಜಾರಿದ. "ಗೊತ್ತೈತ್ರೀ, ಆದ್ರ ಮೊದ್ಲ ಅವನ..." ಅಂತ ಶುರು ಮಾಡಿದ. ಮ್ಯಾಜಿಸ್ಟ್ರೇಟ್ ಅವರೇ ಕೈ ಎತ್ತಿ ನಿಲ್ಲಿಸಿದರು. "ಅದು ಈಗ ಬೇಡ. ಕಾಗದ ಕೊಟ್ಟಿದ್ದಾರಾ?" ಎಲ್ಲರೂ ಹಾಗೆ ನಿಲ್ಲಿಸುತ್ತಾರೆ ಅಂತ ನಂಬಬೇಡಿ.

ಕಾಗದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಂಧನದ ಕಾರಣಗಳನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ಆ ಗಳಿಗೆಯಲ್ಲಿ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮುಂಚೆಯಾದರೂ ಬರಹದಲ್ಲಿ ಕೊಡಬೇಕು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಅಪರಾಧವೇ ಇರಲಿ. "ಇಂಥ ಕಲಂ ಅಡಿ ಅಪರಾಧ ಮಾಡಿದ್ದೀಯ" ಅನ್ನುವುದು ಸಾಲದು. ನೀನು ಯಾವತ್ತು, ಎಲ್ಲಿ, ಏನು ಮಾಡಿದ್ದೀಯ ಅನ್ನುವ ಆರೋಪ ಅಂತ ಅವನಿಗೆ ಸಂಬಂಧಿಸಿದ ಸಂಗತಿ ಇರಬೇಕು. ಬಸುವಿಗೆ ಕೊಟ್ಟ ಕಾಗದ ಕನ್ನಡದಲ್ಲಿತ್ತು, ಬಡಿಗೆಯಿಂದ ತಲೆಗೆ ಹೊಡೆದ ಅಂತ ಎರಡು ಸಾಲೂ ಇದ್ದವು. ಆದರೆ ಎಷ್ಟು ಗಂಟೆಗೆ ಕೊಟ್ಟರು ಅಂತ ಇರಲಿಲ್ಲ. ಆಕ್ಷೇಪಣೆ ಎತ್ತಿದೆ. ಬೆಳಿಗ್ಗೆ ಮೆಮೊ ಜೊತೆಗೇ ಕೊಟ್ಟೆವು ಅಂದರು ಪಿಎಸ್‌ಐ, ಬಸು ಕೂಡ "ಮುಂಜಾನೆ ಸಹಿ ಮಾಡಿಸಿಕೊಂಡ್ರು" ಅಂದ. ಆ ಮಾತು ಅಲ್ಲಿಗೆ ಮುಗಿಯಿತು. ಹುಡುಗ ಖರೇ ಹೇಳಿದ್ದ, ಅದರಿಂದ ನನ್ನ ಒಂದು ವಾದ ಹೋಯಿತು, ಇರಲಿ.

ಆಮೇಲೆ ನಾನು ಎತ್ತಿದ್ದು ಏಳು ವರ್ಷದ ಮಾತು. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಹಿಡಿಯುವುದು ತಾನಾಗಿ ಆಗಬಾರದು, ನೋಟಿಸ್ ಕೊಟ್ಟು ಕರೆಸುವುದೇ ರೂಢಿಯಾಗಬೇಕು, ಹಿಡಿದರೆ ಯಾಕೆ ಹಿಡಿಯಬೇಕಾಯಿತು ಅಂತ ಬರೆದ ಪಟ್ಟಿ ಮ್ಯಾಜಿಸ್ಟ್ರೇಟ್ ಮುಂದೆ ಇಡಬೇಕು ಅಂತ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ಪಟ್ಟಿ ಇತ್ತು. ಅಚ್ಚಾದ ಫಾರಂ, ಐದು ಕಾರಣ, ಐದಕ್ಕೂ ಟಿಕ್. ಓಡಿಹೋಗುತ್ತಾನೆ, ಸಾಕ್ಷಿ ನಾಶ ಮಾಡುತ್ತಾನೆ, ಸಾಕ್ಷಿದಾರರನ್ನು ಹೆದರಿಸುತ್ತಾನೆ, ಮತ್ತೆ ಅಪರಾಧ ಮಾಡುತ್ತಾನೆ, ತನಿಖೆಗೆ ಬೇಕು. ಬಸುವನ್ನು ಹಿಡಿದಾಗ ಅವನು ಚಹಾ ಕುಡಿಯುತ್ತಿದ್ದ ಅಂತ ನೆನಪಿಸಿದೆ. ಆದರೆ ಪಿಎಸ್‌ಐ ಮಾತಿನಲ್ಲೂ ತೂಕ ಇತ್ತು: ಗಾಯಾಳುವಿನ ತಲೆಯ ಸ್ಕ್ಯಾನ್ ವರದಿ ಬಂದಿಲ್ಲ, ಎರಡನೇ ಆರೋಪಿ ಸಿಕ್ಕಿಲ್ಲ, ಊರಲ್ಲಿ ಎರಡೂ ಓಣಿಯವರು ಬಡಿಗೆ ಹಿಡಿದು ನಿಂತಿದ್ದಾರೆ. ಸ್ಕ್ಯಾನ್‌ನಲ್ಲಿ ಎಲುಬು ಮುರಿದಿದ್ದು ಕಂಡರೆ ಕಲಂ 118(2) ಆಗುತ್ತದೆ, ಅದರಲ್ಲಿ ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಮ್ಯಾಜಿಸ್ಟ್ರೇಟ್ ಅವತ್ತೇ ಬಿಡಲು ಒಪ್ಪಲಿಲ್ಲ.

ಯಾರ ವಶಕ್ಕೆ?

ಮನೆಯವರಿಗೆ ಗೊತ್ತೇ ಇರದ, ಆದರೆ ಅವತ್ತಿನ ಅತಿ ದೊಡ್ಡ ಪ್ರಶ್ನೆ ಇದು. ಪಿಎಸ್‌ಐ ರಿಮ್ಯಾಂಡ್ ಅರ್ಜಿಯಲ್ಲಿ, ಅಂದರೆ ಆರೋಪಿಯನ್ನು ಬಂಧನದಲ್ಲಿಡಲು ಕೇಳುವ ಅರ್ಜಿಯಲ್ಲಿ, ಮೂರು ದಿನ ಪೊಲೀಸ್ ಕಸ್ಟಡಿ ಕೇಳಿದ್ದರು. ಪೊಲೀಸ್ ಕಸ್ಟಡಿ ಅಂದರೆ ಮತ್ತೆ ಠಾಣೆಗೆ, ವಿಚಾರಣೆಗೆ. ನ್ಯಾಯಾಂಗ ಬಂಧನ ಅಂದರೆ ಜೈಲಿಗೆ, ನಮ್ಮ ಜಿಲ್ಲೆಯಲ್ಲಿ ದರ್ಗಾ ಜೈಲು. ಜೈಲು ಅಂದ ಕೂಡಲೇ ತಾಯಂದಿರು ಅಳುತ್ತಾರೆ, ಠಾಣೆಯಾದರೆ ಊರ ಹತ್ತಿರವೇ ಇರುತ್ತಾನಲ್ಲ ಅನ್ನುತ್ತಾರೆ. ನಾನು ಎಷ್ಟೋ ಸಲ ಗೇಟಿನ ಹೊರಗೆ ಇದನ್ನು ವಿವರಿಸಿದ್ದೇನೆ: ಯವ್ವಾ, ಇವತ್ತು ಜೈಲಿಗೆ ಅಂದರೆ ಅದೇ ನಮಗೆ ಒಳ್ಳೆಯ ಆದೇಶ.

ಕಸ್ಟಡಿ ಕೇಳಲು ಕೊಟ್ಟ ಕಾರಣ, ಕೃತ್ಯಕ್ಕೆ ಬಳಸಿದ ಬಡಿಗೆ ವಶಪಡಿಸಿಕೊಳ್ಳಬೇಕು, ಎರಡನೇ ಆರೋಪಿ ಎಲ್ಲಿದ್ದಾನೆ ಅಂತ ಕೇಳಬೇಕು. ಅರ್ಜಿಯ ಎರಡನೇ ಪುಟದಲ್ಲೇ ಉತ್ತರ ಇತ್ತು. ಭಾನುವಾರ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಸ್ಥಳ ಪಂಚನಾಮೆ ಮಾಡಿದ್ದಾರೆ, ಅದರಲ್ಲಿ "ಸ್ಥಳದಲ್ಲಿ ಬಿದ್ದಿದ್ದ ಒಂದು ಬಡಿಗೆ" ಜಪ್ತಿ ಆಗಿದೆ. ಅರ್ಜಿಯ ಪ್ರತಿ ಕೇಳಿ ಪಡೆದು ನಿಂತಲ್ಲೇ ಓದಿದ್ದಕ್ಕೆ ಸಿಕ್ಕಿದ ಸಾಲು ಅದು. ತೋರಿಸಿದೆ. ಮ್ಯಾಜಿಸ್ಟ್ರೇಟ್, "ಜಪ್ತಿ ಆದ ಬಡಿಗೆಯನ್ನು ಮತ್ತೆ ಯಾಕೆ ಹುಡುಕುತ್ತೀರಿ?" ಅಂದರು. ಅಣ್ಣನ ವಿಳಾಸ ಎಫ್‌ಐಆರ್‌ನಲ್ಲೇ ಇತ್ತು. ಕಸ್ಟಡಿ ಕೋರಿಕೆ ತಿರಸ್ಕಾರ, 14 ದಿನ ನ್ಯಾಯಾಂಗ ಬಂಧನ.

ಇಲ್ಲಿ ಒಂದು ಎಚ್ಚರ ಹೇಳಬೇಕು. ಮೊದಲಿನ ಕಾನೂನಿನಲ್ಲಿ ಪೊಲೀಸ್ ಕಸ್ಟಡಿ ಮೊದಲ 15 ದಿನದೊಳಗೆ ಮಾತ್ರ. ಈಗಿನ 187ನೇ ಕಲಂನಲ್ಲಿ ಒಟ್ಟು 15 ದಿನವೇ, ಆದರೆ ಅದನ್ನು ತುಂಡು ತುಂಡಾಗಿ, ಇಂಥ ಪ್ರಕರಣದಲ್ಲಿ ಮೊದಲ 40 ದಿನದೊಳಗೆ ಯಾವಾಗ ಬೇಕಾದರೂ ಕೇಳಬಹುದು. ಹಾಗಾಗಿ ಇವತ್ತು ತಪ್ಪಿತು ಅಂದರೆ ಪೂರ್ತಿ ತಪ್ಪಿತು ಅಂತಲ್ಲ. ಇನ್ನು "14 ದಿನ" ಅನ್ನುವುದು ಶಿಕ್ಷೆಯಲ್ಲ, ಅಷ್ಟು ದಿನ ಇರಲೇಬೇಕು ಅಂತಲೂ ಅಲ್ಲ. ಮುಂದಿನ ಹಾಜರಿಯ ತಾರೀಕು ಅದು. ನಡುವೆ ಜಾಮೀನು ಸಿಕ್ಕರೆ ಅವತ್ತೇ ಹೊರಗೆ. ಮುಂದಿನ ಹಾಜರಿ ಜೈಲಿನಿಂದಲೇ ವಿಡಿಯೊದಲ್ಲಿ ಆಗಬಹುದು, ಹುಡುಗ ಕೋರ್ಟಿಗೆ ಬಂದಿಲ್ಲ ಅಂತ ಗಾಬರಿ ಆಗಬೇಡಿ.

ಜಾಮೀನು ಐದು ದಿನ ತಡವಾಗಿದ್ದು, ಬಿಡುಗಡೆ ಇನ್ನೂ ಮೂರು ದಿನ

ಜಾಮೀನು ಅರ್ಜಿಯನ್ನು ಅವತ್ತು ಕ್ವಾರ್ಟರ್ಸ್‌ನಲ್ಲೇ ಕೊಟ್ಟೆ. ಸೋಮವಾರ ಸರ್ಕಾರಿ ವಕೀಲರಿಗೆ ನೋಟಿಸ್ ಅಂತ ಆಯಿತು. ಇಷ್ಟು ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅವರನ್ನು ಕೇಳಲೇಬೇಕು ಅಂತ ಕಡ್ಡಾಯವಿಲ್ಲ, ಏಳು ವರ್ಷ ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕಡ್ಡಾಯ. ಆದರೆ ಕೇಳುವುದೇ ರೂಢಿ, ಅದರಲ್ಲೂ ಸ್ಕ್ಯಾನ್ ಬಾಕಿ ಇರುವಾಗ. ಮೊದಲ ದಿನ ಜಾಮೀನು ಆಗಲಿಲ್ಲ ಅಂದರೆ ವಕೀಲ ಸೋತ ಅಂತ ಅರ್ಥ ಅಲ್ಲ. ನನಗೆ ನಾನೇ ಸಮಾಧಾನ ಹೇಳಿಕೊಳ್ಳುವ ಮಾತು ಇದು ಅನ್ನಿ, ಆದರೂ ನಿಜ.

ಸೋಮವಾರ ರಾತ್ರಿ ಮಾವ ನನಗೆ ಹೇಳದೆ ಒಂದು ಕೆಲಸ ಮಾಡಿದ. ಮೂರ್ನಾಲ್ಕು ಜನರನ್ನು ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ, ಗಾಯಾಳುವಿನ ಹಾಸಿಗೆ ಪಕ್ಕ ನಿಂತು, ಖರ್ಚು ಎಲ್ಲ ಕೊಡುತ್ತೇವೆ, ಕೇಸ್ ವಾಪಸ್ ತಗೋ ಅಂದ. ಅವನ ಮನಸ್ಸಿನಲ್ಲಿ ಅದು ರಾಜಿ. ಬುಧವಾರ ಸರ್ಕಾರಿ ವಕೀಲರಿಂದ ಬಂದ ತಕರಾರಿನಲ್ಲಿ ಅದು "ಆರೋಪಿಯ ಸಂಬಂಧಿಕರು ಫಿರ್ಯಾದಿಗೆ ಒತ್ತಡ ಹಾಕಿದ್ದಾರೆ" ಅಂತ ಮೊದಲ ಸಾಲಾಗಿ ಕೂತಿತ್ತು. ಭಾನುವಾರ ಫಾರಂನಲ್ಲಿ ಸುಮ್ನೆ ಟಿಕ್ ಹಾಕಿದ್ದ ಕಾರಣಕ್ಕೆ ಈಗ ಜೀವ ಬಂತು. ರಾಜಿ ಮಾಡಬಾರದು ಅಂತಲ್ಲ. ಹಳ್ಳಿಯ ಜಗಳ ರಾಜಿಯಲ್ಲೇ ಮುಗಿಯಬೇಕು. ಆದರೆ ಜಾಮೀನು ಆಗುವ ಮುಂಚೆ, ಗಾಯಾಳು ಹಾಸಿಗೆಯಲ್ಲಿರುವಾಗ, ಗುಂಪಾಗಿ ಹೋಗಿ ಅಲ್ಲ.

ನಮ್ಮನ್ನು ಉಳಿಸಿದ್ದು ಎರಡು ಸಂಗತಿ. ಗುರುವಾರ ಗಾಯದ ಪ್ರಮಾಣಪತ್ರ ಬಂತು: ಆರು ಹೊಲಿಗೆ, ಎಲುಬಿಗೆ ಏನೂ ಆಗಿಲ್ಲ, ಸಾದಾ ಗಾಯ. ಕಲಂ 118(1)ರಲ್ಲೇ ಉಳಿಯಿತು. ಇನ್ನೊಂದು, ಬುಧವಾರ ಬಸುವಿನ ಅಣ್ಣ ತಾನಾಗಿ ಠಾಣೆಗೆ ಹೋಗಿದ್ದ. ಅವನನ್ನು ಹಿಡಿಯದೆ, ಕರೆದಾಗ ಬಾ ಅನ್ನುವ 35(3)ನೇ ಕಲಂನ ನೋಟಿಸ್ ಕೊಟ್ಟು ಕಳಿಸಿದ್ದರು. ಅದೇ ಎಫ್‌ಐಆರ್, ಅವೇ ಕಲಂಗಳು, ಒಬ್ಬ ನೋಟಿಸ್ ಹಿಡಿದು ಮನೆಯಲ್ಲಿ, ಇನ್ನೊಬ್ಬ ಜೈಲಲ್ಲಿ. ಗುರುವಾರದ ವಾದದಲ್ಲಿ ನಾನು ಇದನ್ನು ಬಿಟ್ಟು ಬೇರೆ ಜಾಸ್ತಿ ಏನೂ ಹೇಳಲಿಲ್ಲ. ಶುಕ್ರವಾರ ಮಧ್ಯಾಹ್ನ ಆದೇಶ: 50,000 ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ, ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ, ಸಾಕ್ಷಿದಾರರ ತಂಟೆಗೆ ಹೋಗಬಾರದು.

50,000 ಕಟ್ಟಬೇಕಾ ಅಂತ ತಾಯಿ ಕುಸಿದು ಕೂತಳು. ಕಟ್ಟುವುದಲ್ಲ. ಹುಡುಗ ಹಾಜರಾಗದಿದ್ದರೆ ಅಷ್ಟು ಕೊಡುತ್ತೇವೆ ಅಂತ ಬರೆದುಕೊಡುವುದು.

ಜಾಮೀನುದಾರನಾಗಿ ಬಂದವನು ಮಾವ. ಹೊಲದ ಉತಾರ, ಅಂದರೆ ಪಹಣಿ ತಂದಿದ್ದ, ಆಧಾರ್ ತಂದಿದ್ದ. ಉತಾರ ತೆರೆದು ನೋಡಿದರೆ ಕಬ್ಜಾ ಕಾಲಂನಲ್ಲಿ ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಅವರಪ್ಪನ ಹೆಸರು. ವಾರಸಾ ಮಾಡಿಸಿ ಹೊಲವನ್ನು ತನ್ನ ಹೆಸರಿಗೆ ಹಚ್ಚಿಸಿಕೊಂಡೇ ಇಲ್ಲ. ಹೊಲ ನಮ್ಮದೇ ಅಲ್ವಾ, ಊರಿಗೇ ಗೊತ್ತು ಅಂದ. ಊರಿಗೆ ಗೊತ್ತಿದ್ದರೆ ಆಗದು, ಕಾಗದದಲ್ಲಿ ಅವನ ಹೆಸರಿರಬೇಕು. ಆಗ ಸಂಜೆ ನಾಲ್ಕೂಕಾಲು. ಬೇರೆ ಜಾಮೀನುದಾರ ಬರುವಷ್ಟರಲ್ಲಿ ಸಮಯ ಮೀರಿತು. ಮರುದಿನ ಎರಡನೇ ಶನಿವಾರ, ಕೋರ್ಟಿಗೆ ರಜೆ. ಆಮೇಲೆ ಭಾನುವಾರ. 24 ಗಂಟೆಯ ನಿಯಮಕ್ಕೆ ರಜೆ ಇಲ್ಲ, ಆದರೆ ಜಾಮೀನು ಕಾಗದಕ್ಕೆ ಇದೆ. ಜಾಮೀನು ಸಿಕ್ಕ ಮೇಲೂ ಬಸು ಮೂರು ರಾತ್ರಿ ಜೈಲಲ್ಲಿ ಕಳೆದ.

ತಪ್ಪು ನನ್ನದೂ ಇದೆ. ಭಾನುವಾರವೇ ಉತಾರ ತಂದು ತೋರಿಸಿ ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ. ಆವಾಗಿನಿಂದ ರಿಮ್ಯಾಂಡ್ ದಿನವೇ ಮನೆಯವರಿಗೆ ಈ ಕೆಲಸ ಹಚ್ಚುತ್ತೇನೆ: ಉತಾರ ಅಥವಾ ಮನೆಯ ಕಾಗದ ಬದುಕಿರುವವರ ಹೆಸರಲ್ಲಿ ಇರುವ ಇಬ್ಬರನ್ನು ಹುಡುಕಿ, ಒಬ್ಬರಲ್ಲ, ಇಬ್ಬರು. ಆಧಾರ್‌ನಲ್ಲಿ, ಉತಾರದಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಈಗಲೇ ಹೇಳಿ. ಗೇಟಿನ ಹೊರಗೆ ಅಳುತ್ತಾ ನಿಲ್ಲುವ ಇಪ್ಪತ್ತು ಜನರಲ್ಲಿ ನಾಲ್ಕು ಜನ ಇದನ್ನು ಮಾಡಿದರೆ ಸಾಕು.

ಸೋಮವಾರ ಮಾವನ ಬದಲು ಅವನ ಹೆಂಡತಿಯ ತಮ್ಮ ಜಾಮೀನುದಾರನಾದ. ಬಿಡುಗಡೆ ಆದೇಶ ಸಂಜೆ ಜೈಲು ಮುಟ್ಟಿತು, ಏಳರ ಹೊತ್ತಿಗೆ ಬಸು ಹೊರಗೆ ಬಂದ.

ಪೊಲೀಸರು 52ನೇ ದಿನ ಚಾರ್ಜ್‌ಶೀಟ್ ಹಾಕಿದರು, 118(1) ಅಡಿಯಲ್ಲೇ. ಬಸು ಒಳಗೇ ಇದ್ದು 60 ದಿನ ದಾಟಿಯೂ ಹಾಕದಿದ್ದರೆ, ಅರ್ಜಿ ಕೊಟ್ಟು ಜಾಮೀನನ್ನು ಹಕ್ಕಾಗಿ ಪಡೆಯಬಹುದಿತ್ತು. ಆ ಪ್ರಶ್ನೆ ಇಲ್ಲಿ ಬರಲಿಲ್ಲ. ಯಾರು ಮೊದಲು ಕೈ ಎತ್ತಿದರು ಅನ್ನುವುದು ಈಗ ವಿಚಾರಣೆಯಲ್ಲಿ ಬರುತ್ತದೆ, ಅವತ್ತು ಬಸು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಅಲ್ಲಿ ಪೂರ್ತಿ ಹೇಳಲು ಅವಕಾಶ ಇದೆ. ಅವನು ಪ್ರತಿ ಭಾನುವಾರ ಠಾಣೆಗೆ ಹೋಗಿ ಸಹಿ ಮಾಡಿ, ಬಸ್ ಸ್ಟ್ಯಾಂಡ್ ಎದುರಿನ ಅದೇ ಅಂಗಡಿಯಲ್ಲಿ ಚಹಾ ಕುಡಿದು ಕೆಲಸಕ್ಕೆ ಹೋಗುತ್ತಾನೆ. ಮಾವ ಮೊನ್ನೆ ತಹಶೀಲ್ದಾರ್ ಕಚೇರಿಯಲ್ಲಿ ಸಿಕ್ಕಿದ್ದ, ವಾರಸಾ ಅರ್ಜಿ ಹಿಡಿದುಕೊಂಡು.